ಒಂದು ರೂಪಾಯಿ ಹಾಕಿದರೆ ಗುರಿ ಮುಟ್ಟಿತೇ?

2016ರ ಸೆಪ್ಟೆಂಬರ್‌ನಲ್ಲಿ ‘ದಿ ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆ ಮಾಹಿತಿ ಹಕ್ಕಿನಡಿ ಪಡೆದ ಅಂಕಿಗಳನ್ನು ಆಧರಿಸಿ ಒಂದು ವರದಿ ಪ್ರಕಟಿಸಿತು. ಸಾರ್ವಜನಿಕ ವಲಯದ 18 ಬ್ಯಾಂಕುಗಳು ಮತ್ತು ಅವುಗಳಿಗೆ ಸೇರಿದ 16 ಗ್ರಾಮೀಣ ಬ್ಯಾಂಕುಗಳ 1.05 ಕೋಟಿ ಜನಧನ ಖಾತೆಗಳಲ್ಲಿ ತಲಾ ಒಂದೇ ಒಂದು ರೂಪಾಯಿ ಇತ್ತು. ಹಲವೆಡೆ ಆ ರೂಪಾಯಿ ಕಟ್ಟಿದವರು ಖಾತೆದಾರರಲ್ಲ, ಶಾಖೆಯ ಸಿಬ್ಬಂದಿ. ಕೆಲವರು ಸ್ವಂತ ಜೇಬಿನಿಂದ ಹಾಕಿದ್ದರು. ಕೆಲವರು ಕ್ಯಾಂಟೀನ್ ಸಬ್ಸಿಡಿಯಿಂದಲೋ ಕಚೇರಿ ನಿರ್ವಹಣೆಯ ಹಣದಿಂದಲೋ ಹೊಂದಿಸಿದ್ದರು. ‘ಝೀರೋ ಬ್ಯಾಲೆನ್ಸ್’ ಖಾತೆಗಳನ್ನು ಕಡಿಮೆ ಮಾಡಿ ಎಂಬ ಒತ್ತಡ ಮೇಲಿನಿಂದ ಇತ್ತು. ಒಂದು ರೂಪಾಯಿ ಬಿದ್ದರೆ ಸಾಕು, ಖಾತೆ ಆ ಪಟ್ಟಿಯಿಂದ ಹೊರಗೆ.

ಇದರಲ್ಲಿ ಯಾರೂ ಹಣ ಕದಿಯಲಿಲ್ಲ. ಕೈಯಿಂದ ಹಣ ಹಾಕಿ ಲೆಕ್ಕ ಸರಿಮಾಡಿದವರು ಮೋಸಗಾರರಿಗಿಂತ ಹೆಚ್ಚಾಗಿ ಟಾರ್ಗೆಟ್ಟಿಗೆ ಸಿಕ್ಕಿಬಿದ್ದವರು. ತಪ್ಪು ಇದ್ದದ್ದು ಅಳತೆಯಲ್ಲಿ. ತಂಡಗಳಿಗೆ ಗುರಿ ಹಾಕಿಕೊಡುವ ಯಾರೇ ಆಗಲಿ, ಐ.ಟಿ. ಕಂಪನಿಯ ಮ್ಯಾನೇಜರ್ ಇರಲಿ, ಜಿಲ್ಲಾ ಪಂಚಾಯಿತಿಯ ಅಧಿಕಾರಿ ಇರಲಿ, ಈ ಒಂದು ರೂಪಾಯಿಯ ಲೆಕ್ಕವನ್ನು ಬಿಡಿಸಿ ನೋಡುವುದು ಒಳ್ಳೆಯದು.

ಬೆಂಗಳೂರಿನ ಕಂಪನಿಗಳಲ್ಲಿ ಮೂರು ತಿಂಗಳಿಗೊಮ್ಮೆ ‘ಒಕೆಆರ್’ ಬರೆಯುವ ರೂಢಿ ಬೇರೂರಿದೆ. ಮೊದಲು ಉದ್ದೇಶ, ಅದರ ಕೆಳಗೆ ಅದು ಈಡೇರಿತೇ ಎಂದು ಹೇಳುವ ಮೂರ್ನಾಲ್ಕು ಪ್ರಮುಖ ಫಲಿತಾಂಶಗಳು. ಎಪ್ಪತ್ತರ ದಶಕದಲ್ಲಿ ಇಂಟೆಲ್‌ನಲ್ಲಿ ಇದನ್ನು ರೂಢಿಗೆ ತಂದವರು ಆಂಡಿ ಗ್ರೋವ್. ಅವರ ಕೈಕೆಳಗೆ ಕಲಿತ ಜಾನ್ ಡೋರ್ 1999ರಲ್ಲಿ ಅದನ್ನು ಗೂಗಲ್‌ಗೆ ಒಯ್ದರು. ಮಿಕ್ಕವರು ಅಲ್ಲಿಂದ ಕಲಿತರು. ಉದ್ದೇಶ ಮಾತಿನಲ್ಲಿರುತ್ತದೆ, ಫಲಿತಾಂಶ ಅಂಕಿಯಲ್ಲಿರುತ್ತದೆ. ವಿಧಾನದ ಬಲವೂ ಅಪಾಯವೂ ಈ ಜೋಡಣೆಯಲ್ಲಿಯೇ ಇವೆ, ಏಕೆಂದರೆ ಮೂರು ತಿಂಗಳ ಕೊನೆಗೆ ಪರಿಶೀಲನಾ ಸಭೆಯಲ್ಲಿ ಉಳಿಯುವುದು ಅಂಕಿ ಮಾತ್ರ. ಮೇಲೆ ಬರೆದ ಉದ್ದೇಶವನ್ನು ಅಷ್ಟರಲ್ಲಿ ಎಲ್ಲರೂ ಮರೆತಿರುತ್ತಾರೆ.

ಜನಧನ ಯೋಜನೆಯನ್ನು ಯಾರೂ ಒಕೆಆರ್ ಎಂದು ಕರೆದಿರಲಿಲ್ಲ, ಆದರೆ ಅದರ ಚೌಕಟ್ಟು ಅದೇ. ಬ್ಯಾಂಕಿನ ಮೆಟ್ಟಿಲು ಹತ್ತದ ಕುಟುಂಬಗಳು ಬ್ಯಾಂಕನ್ನು ಬಳಸುವಂತಾಗಬೇಕು ಎಂಬುದು ಉದ್ದೇಶ. ಮೊದಲ ಅಳತೆ ತೆರೆದ ಖಾತೆಗಳ ಸಂಖ್ಯೆ. 2014ರ ಆಗಸ್ಟ್ 28ರಂದು ಶುರುವಾದ ಯೋಜನೆ 7.5 ಕೋಟಿ ಕುಟುಂಬಗಳ ಗುರಿಯನ್ನು 2015ರ ಜನವರಿಯೊಳಗೇ ದಾಟಿತು. ಆಗ ಟೀಕಾಕಾರರು, ಖಾತೆಗಳೆಲ್ಲ ಖಾಲಿ ಬಿದ್ದಿವೆಯಲ್ಲ ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ. ಆರಂಭದಲ್ಲಿ ನಾಲ್ಕರಲ್ಲಿ ಮೂರರಷ್ಟು ಖಾತೆಗಳಲ್ಲಿ ಬಿಡಿಗಾಸೂ ಇರಲಿಲ್ಲ. ಹೀಗೆ ಎರಡನೆಯ ಅಳತೆ ಬಂತು: ಖಾಲಿ ಖಾತೆಗಳ ಪ್ರಮಾಣ ಇಳಿಯಬೇಕು. ಎರಡು ವರ್ಷಗಳಲ್ಲಿ ಅದು ನಾಲ್ಕರಲ್ಲಿ ಒಂದಕ್ಕೆ ಇಳಿಯಿತು.

ಈ ಇಳಿಕೆಯೆಲ್ಲ ನಕಲಿ ಎನ್ನುವುದು ಅನ್ಯಾಯ. ಆ ಹೊತ್ತಿಗೆ ಒಟ್ಟು ಖಾತೆಗಳು ಸುಮಾರು 24 ಕೋಟಿ; ಒಂದು ರೂಪಾಯಿಯವು ಅದರಲ್ಲಿ ನೂರಕ್ಕೆ ನಾಲ್ಕೈದು. ಆದರೆ ಅಳತೆಯ ದೋಷ ಆ ನಾಲ್ಕೈದರಲ್ಲಿ ನಿಚ್ಚಳವಾಗಿ ಕಾಣುತ್ತದೆ. ಖಾತೆ ತೆರೆಯುವುದು ಶಾಖೆಯ ಕೈಯಲ್ಲಿತ್ತು. ಖಾಲಿ ಖಾತೆಗೆ ಒಂದು ರೂಪಾಯಿ ಹಾಕುವುದೂ ಶಾಖೆಯ ಕೈಯಲ್ಲಿಯೇ ಇತ್ತು. ಕೂಲಿ ಮುಗಿಸಿ ಬಂದ ಹೆಂಗಸು ಇನ್ನೂರು ರೂಪಾಯಿಯನ್ನು ಡಬ್ಬಿಯಲ್ಲಿಡುವ ಬದಲು ಖಾತೆಗೆ ಕಟ್ಟುವುದು ಮಾತ್ರ ಆಕೆಯ ಕೈಯಲ್ಲಿತ್ತು. ಅದನ್ನು ಯಾರೂ ಎಣಿಸಲಿಲ್ಲ. ವಿಶ್ವಬ್ಯಾಂಕಿನ ಫಿನ್‌ಡೆಕ್ಸ್ ಸಮೀಕ್ಷೆ ಎಣಿಸಿತು: 2017ರಲ್ಲಿ ಭಾರತದ ವಯಸ್ಕರಲ್ಲಿ ಶೇ 80ರಷ್ಟು ಮಂದಿಗೆ ಖಾತೆಯಿತ್ತು, ಆದರೆ ಖಾತೆಗಳಲ್ಲಿ ಶೇ 48ರಷ್ಟು ಇಡೀ ವರ್ಷ ಬಳಕೆಯಾಗಿರಲಿಲ್ಲ.

ಪ್ರಮುಖ ಫಲಿತಾಂಶವೊಂದನ್ನು ಬರೆದ ಮೇಲೆ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇಲ್ಲಿದೆ. ಈ ಅಂಕಿಯನ್ನು ಅಲುಗಾಡಿಸುವವರು ಯಾರು? ತಂಡ ತಾನೇ ಕುಳಿತು, ಹೊರಗಿನ ಒಬ್ಬರ ಸಹಾಯವೂ ಇಲ್ಲದೆ ಅದನ್ನು ಏರಿಸಬಲ್ಲದಾದರೆ, ಒತ್ತಡ ಬಂದ ದಿನ ಏರಿಸಿಯೇ ಏರಿಸುತ್ತದೆ. ಸಾಫ್ಟ್‌ವೇರ್ ತಂಡಕ್ಕೆ ‘ಕೋಡ್‌ನ ಶೇ 80ರಷ್ಟು ಸಾಲುಗಳು ಪರೀಕ್ಷೆಗೆ ಒಳಪಡಬೇಕು’ ಎಂದು ಗುರಿ ಕೊಟ್ಟು ನೋಡಿ. ಸಾಲುಗಳನ್ನು ಓಡಿಸುವ, ಆದರೆ ಉತ್ತರ ಸರಿಯೇ ಎಂದು ನೋಡದ ಪರೀಕ್ಷೆಗಳು ಹುಟ್ಟಿಕೊಳ್ಳುತ್ತವೆ. ಶೇಕಡಾವಾರು ಏರುತ್ತದೆ, ಗ್ರಾಹಕನಿಗೆ ಸಿಗುವ ದೋಷಗಳು ಇದ್ದಷ್ಟೇ ಇರುತ್ತವೆ.

ಇಂಟೆಲ್‌ನ ಹಳೆಯ ಉದಾಹರಣೆ ಇದಕ್ಕೆ ತದ್ವಿರುದ್ಧ. 1980ರಲ್ಲಿ ಮೊಟೊರೊಲಾದ ಚಿಪ್ ತನ್ನ 8086 ಚಿಪ್ಪಿಗೆ ಪೆಟ್ಟು ಕೊಡುತ್ತಿದ್ದಾಗ ಇಂಟೆಲ್ ‘ಆಪರೇಷನ್ ಕ್ರಷ್’ ಎಂಬ ಕಾರ್ಯಾಚರಣೆ ಹೂಡಿತು. ಒಂದು ವರ್ಷದಲ್ಲಿ 2,000 ‘ಡಿಸೈನ್ ವಿನ್’ ಗಳಿಸಬೇಕು ಎಂಬುದು ಅದರ ಅಳತೆ. ಅಂದರೆ ಬೇರೊಂದು ಕಂಪನಿ ತನ್ನ ಯಂತ್ರದೊಳಗೆ ಇಂಟೆಲ್ ಚಿಪ್ಪನ್ನೇ ಕೂರಿಸಲು ತೀರ್ಮಾನಿಸಬೇಕು. ಮಾಡಿದ ಭೇಟಿಗಳನ್ನು, ಹಂಚಿದ ಕೈಪಿಡಿಗಳನ್ನು ಎಣಿಸಿದ್ದರೆ ಮಾರಾಟಗಾರರು ಅವನ್ನು ತಾವೇ ತುಂಬಿಸಿಬಿಡುತ್ತಿದ್ದರು. ಗ್ರಾಹಕನ ತೀರ್ಮಾನವನ್ನು ಕಚೇರಿಯಲ್ಲಿ ಕುಳಿತು ತಯಾರಿಸಲಾಗದು. ಗುರಿ ಮೀರಿತು, ಗೆದ್ದ ಗ್ರಾಹಕರಲ್ಲಿ ಐಬಿಎಂ ಕೂಡ ಒಂದು.

ನಮ್ಮ ನೆಲದಲ್ಲಿಯೇ ಇನ್ನೂ ಹಳೆಯ ಉದಾಹರಣೆಯಿದೆ. ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟ್ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಿಂದ ಸಂಗ್ರಹಿಸುತ್ತಿದ್ದ. ಅವನಿಗೆ ಕಮಿಷನ್ ಸಿಗುತ್ತಿದ್ದುದು ಸಂಗ್ರಹಿಸಿದ ಹಣದ ಮೇಲೆ. ಪುಸ್ತಕ ತೆರೆಸಿ ಮರೆತರೆ ಅವನಿಗೇನೂ ದಕ್ಕದು. ಅಂಗಡಿಯವರು ಮತ್ತೆ ಮತ್ತೆ ಕೊಟ್ಟರೆ ಮಾತ್ರ ಅವನ ಸಂಪಾದನೆ. ಖಾತೆಯ ಬಳಕೆಯೇ ಅಲ್ಲಿ ಅಳತೆಯಾಗಿತ್ತು.

ಹಾಗಾದರೆ ಜನಧನದ ಗುರಿಯನ್ನು ಹೇಗೆ ಬರೆಯಬಹುದಿತ್ತು? ಒಂದು ಹೋಬಳಿ ಕೇಂದ್ರದ ಶಾಖೆಯನ್ನು ಕಲ್ಪಿಸಿಕೊಳ್ಳೋಣ. ಕಳೆದ ಮೂರು ತಿಂಗಳಲ್ಲಿ ಅಲ್ಲಿ ಸಾವಿರ ಖಾತೆ ತೆರೆದಿದ್ದಾರೆ. ಈ ಮೂರು ತಿಂಗಳ ಉದ್ದೇಶ: ಆ ಮನೆಗಳವರು ಹಣ ಇಡಲು, ತೆಗೆಯಲು ತಾವಾಗಿಯೇ ಬ್ಯಾಂಕಿಗೆ ಬರಬೇಕು. ಮೊದಲ ಫಲಿತಾಂಶ: ಸಾವಿರದಲ್ಲಿ ನಾನೂರು ಖಾತೆದಾರರು ತಮ್ಮ ಕಾರ್ಡ್ ಅಥವಾ ಹೆಬ್ಬೆಟ್ಟು ಕೊಟ್ಟು, ಬೇರೆ ಬೇರೆ ದಿನ, ಕನಿಷ್ಠ ಮೂರು ವಹಿವಾಟು ನಡೆಸಿರಬೇಕು. ಸರ್ಕಾರದಿಂದ ಬಂದ ಹಣವನ್ನು ಅಂದೇ ಪೂರ್ತಿ ತೆಗೆದುಕೊಂಡು ಹೋದದ್ದು ಈ ಲೆಕ್ಕಕ್ಕಿಲ್ಲ. ಎರಡನೆಯದು: ಬ್ಯಾಂಕ್ ಮಿತ್ರರ ಬಳಿ ಯಂತ್ರ ಕೆಟ್ಟು ಅಥವಾ ನಗದು ಮುಗಿದು ಜನ ಬರಿಗೈಯಲ್ಲಿ ವಾಪಸಾದ ದಿನಗಳು ತಿಂಗಳಿಗೆ ಎರಡಕ್ಕಿಂತ ಹೆಚ್ಚಿರಬಾರದು. ಇದು ತಂಡದ ಕೈಯಲ್ಲಿಯೇ ಇರುವ ಅಂಕಿ ನಿಜ, ಆದರೆ ಮೊದಲನೆಯದರ ಕಾರಣ ಇದರಲ್ಲಿದೆ. ಯಂತ್ರ ಓಡುತ್ತಿದ್ದೂ ಜನ ಬರದಿದ್ದರೆ ತೊಂದರೆ ಬೇರೆಲ್ಲೋ ಇದೆ ಎಂದು ಗೊತ್ತಾಗುತ್ತದೆ.

ಮೂರನೆಯದು ಕಾವಲಿನ ಅಂಕಿ. ಮೊದಲನೆಯದನ್ನು ಮುಟ್ಟುವ ಭರದಲ್ಲಿ ಯಾವುದು ಕೆಡಬಹುದೋ ಅದನ್ನು ಅಳೆಯುವುದು. ಯಾವ ಅಳತೆಗೂ ಎದುರಳತೆಯೊಂದನ್ನು ಜೋಡಿಸಬೇಕು ಎಂದು ಗ್ರೋವ್ 1983ರ ತಮ್ಮ ಪುಸ್ತಕದಲ್ಲಿ ಸಲಹೆ ಕೊಟ್ಟಿದ್ದರು. ಒಕೆಆರ್ ಕಲಿಸುವ ತರಬೇತಿಗಳು ಈ ಮಾತನ್ನು ಏಕೋ ಬೇಗ ದಾಟಿಹೋಗುತ್ತವೆ. ನಮ್ಮ ಶಾಖೆಯಲ್ಲಿ ಇದು ಹೀಗಿರಬಹುದು: ಲೆಕ್ಕಕ್ಕೆ ಬಂದ ಖಾತೆಗಳಲ್ಲಿ ಇಪ್ಪತ್ತನ್ನು ಚೀಟಿ ಎತ್ತಿ ಆರಿಸಿ, ಬೇರೆ ಶಾಖೆಯವರು ಫೋನ್ ಮಾಡಿ ‘ಈ ವಹಿವಾಟು ನೀವೇ ಮಾಡಿದ್ದಾ?’ ಎಂದು ಕೇಳುವುದು.

ಕಾವಲು ಏಕೆ ಬೇಕು ಎಂಬುದನ್ನು ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ ತೋರಿಸಿಕೊಟ್ಟಿದೆ. ಒಬ್ಬೊಬ್ಬ ಗ್ರಾಹಕನಿಗೂ ಎಂಟು ಸೇವೆಗಳನ್ನು ಮಾರಬೇಕು ಎಂಬುದು ಅಲ್ಲಿನ ಘೋಷಣೆ. ಗ್ರಾಹಕರಿಗೆ ತಿಳಿಸದೆ ಅವರ ಹೆಸರಿನಲ್ಲಿ ತೆರೆದಿರಬಹುದಾದ ಖಾತೆ ಮತ್ತು ಕಾರ್ಡುಗಳು ಸುಮಾರು 20 ಲಕ್ಷ ಎಂದು 2016ರಲ್ಲಿ ಬಯಲಾಯಿತು. ಹೊಸ ಖಾತೆ ಜೀವಂತವಾಗಿರುವಂತೆ ಕಾಣಲೆಂದು ಗ್ರಾಹಕರ ಹಳೆಯ ಖಾತೆಯಿಂದ ಒಂದಿಷ್ಟು ಹಣವನ್ನು ಸಿಬ್ಬಂದಿಯೇ ಅತ್ತ ದಾಟಿಸಿದ್ದರು. ನಮ್ಮಲ್ಲಿ ತಮ್ಮ ಜೇಬಿನ ರೂಪಾಯಿ, ಅಲ್ಲಿ ಗ್ರಾಹಕರ ಡಾಲರ್. ಅನುಮತಿಯಿಲ್ಲದ ಠೇವಣಿ ಖಾತೆಗಳಿಂದ ಬ್ಯಾಂಕಿಗೆ ಬಂದ ಶುಲ್ಕ ಸುಮಾರು 20 ಲಕ್ಷ ಡಾಲರ್. ಮೊದಲ ಸುತ್ತಿನಲ್ಲಿಯೇ ತೆತ್ತ ದಂಡ 18.5 ಕೋಟಿ ಡಾಲರ್. ಸುಮಾರು 5,300 ಮಂದಿ ಕೆಲಸ ಕಳೆದುಕೊಂಡರು.

ಅಳತೆ ಕೆಟ್ಟಿದೆ ಎಂದು ಪತ್ತೆಹಚ್ಚಲು ತನಿಖಾ ಸಂಸ್ಥೆಯೇ ಬರಬೇಕಿಲ್ಲ. ಸರಾಸರಿ ನೋಡುವುದನ್ನು ಬಿಟ್ಟು ಹರವು ನೋಡಿದರೆ ಸಾಕು. ಜನ ತಾವಾಗಿ ಕಟ್ಟಿದ ಹಣ ಐವತ್ತು, ನೂರಿಪ್ಪತ್ತು, ಏಳುನೂರು ಎಂದು ಚೆಲ್ಲಾಡಿರುತ್ತದೆ. ಯಾವುದೋ ಒಂದೇ ಮೊತ್ತದಲ್ಲಿ ಲಕ್ಷಗಟ್ಟಲೆ ಖಾತೆ ಗುಡ್ಡೆಬಿದ್ದಿದ್ದರೆ, ಅದೂ ಪರಿಶೀಲನಾ ಸಭೆಯ ಹಿಂದಿನ ವಾರದಲ್ಲಿ ಬಿದ್ದಿದ್ದರೆ, ಅದು ಜನರ ಕೆಲಸವಲ್ಲ. ಗುರಿಯ ಗೆರೆಯನ್ನು ಕೂದಲೆಳೆಯಷ್ಟು ದಾಟಿ ನಿಂತ ಅಂಕಿಗಳನ್ನೂ ಹೀಗೆಯೇ ಅನುಮಾನಿಸಬೇಕು.

ಗ್ರಾಹಕನ ಕೈಯಲ್ಲಿರುವ ಅಂಕಿಯನ್ನು ತಂಡದ ತಲೆಗೆ ಕಟ್ಟಿದರೆ ತಂಡ ಗೊಣಗುತ್ತದೆ, ಅದೂ ನ್ಯಾಯವೇ. ಮಳೆ ಕೈಕೊಟ್ಟ ವರ್ಷ ಯಾರು ತಾನೆ ಹಣ ಕಟ್ಟುತ್ತಾರೆ? ಹಾಗಾಗಿಯೇ ಒಕೆಆರ್ ಅಂಕವನ್ನು ಸಂಬಳ, ಬಡ್ತಿಗಳಿಗೆ ನೇರವಾಗಿ ಗಂಟುಹಾಕಬಾರದು ಎಂದು ಡೋರ್ ಒತ್ತಿ ಹೇಳುತ್ತಾರೆ. ಗೂಗಲ್‌ನಲ್ಲಿ ಮಹತ್ವಾಕಾಂಕ್ಷೆಯ ಗುರಿಗೆ ಒಂದಕ್ಕೆ 0.7 ಬಂದರೂ ಚೆನ್ನಾಗಿಯೇ ಆಯಿತು ಎಂದರ್ಥ. ನಮ್ಮ ಬಹುತೇಕ ಕಡೆ ಅದೇ 0.7 ಅಪ್ರೈಸಲ್ ಕೋಣೆಗೆ ಬಂದು ‘ಮೂವತ್ತು ಕಡಿಮೆ’ ಆಗುತ್ತದೆ. ಮುಂದಿನ ಸಲ ತಂಡ ಸುಲಭದ ಗುರಿ ಬರೆದುಕೊಳ್ಳುತ್ತದೆ, ಇಲ್ಲವೇ ತಾನೇ ತುಂಬಿಸಬಹುದಾದ ಅಂಕಿಯನ್ನು ಹುಡುಕಿಕೊಳ್ಳುತ್ತದೆ.

ಖಾತೆಗಳ ಎಣಿಕೆಯೇ ವ್ಯರ್ಥವಾಗಿತ್ತು ಎಂದೂ ಹೇಳಲಾಗದು. ಖಾತೆಯಿಲ್ಲದೆ ಬಳಕೆಯಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮಹಿಳೆಯರ ಜನಧನ ಖಾತೆಗಳಿಗೆ ಮೂರು ತಿಂಗಳು ಐನೂರು ರೂಪಾಯಿ ಕಳಿಸಲು ಸಾಧ್ಯವಾದದ್ದು ಆ ಖಾತೆಗಳು ಇದ್ದುದರಿಂದ. ಮೊದಲ ಆರು ತಿಂಗಳಿಗೆ ಸರಿಯಾಗಿದ್ದ ಅಳತೆಯನ್ನು ಆಮೇಲೂ ಎಳೆದುಕೊಂಡು ಹೋದದ್ದು ತಪ್ಪು. ಒಕೆಆರ್ ಮೂರು ತಿಂಗಳಿಗೊಮ್ಮೆ ಹೊಸದಾಗಿ ಬರೆಯಬೇಕಾದ್ದು ಹಳೆಯ ಅಳತೆಗೆ ಬಿಡುಗಡೆ ಕೊಡಲೆಂದೇ.

ನಮ್ಮ ಜಿಲ್ಲೆಗಳಲ್ಲಿಯೂ ಮೂರು ತಿಂಗಳಿಗೊಮ್ಮೆ ಕೆಡಿಪಿ ಸಭೆ ನಡೆಯುತ್ತದೆ. ಭೌತಿಕ ಗುರಿ, ಆರ್ಥಿಕ ಗುರಿ, ಸಾಧನೆ, ಶೇಕಡಾವಾರು ಎಂಬ ಕಾಲಂಗಳು ಅಲ್ಲಿ ಸಿದ್ಧವಾಗಿಯೇ ಇರುತ್ತವೆ. ಈ ನಾಲ್ಕನ್ನೂ ಇಲಾಖೆ ತಾನೇ ತುಂಬಬಲ್ಲದು. ಐದನೆಯ ಕಾಲಂ ಒಂದನ್ನು ಸೇರಿಸಿ, ಕಟ್ಟಿಸಿದ್ದನ್ನು ಅಥವಾ ಹಂಚಿದ್ದನ್ನು ಕಳೆದ ತಿಂಗಳು ಎಷ್ಟು ಮಂದಿ ಬಳಸಿದರು ಎಂದು ಅದರಲ್ಲಿ ಬರೆಯಿಸಬಹುದು. ಆ ಕಾಲಮ್ಮನ್ನು ತುಂಬುವ ಕೆಲಸವನ್ನು ಪಕ್ಕದ ತಾಲ್ಲೂಕಿನವರಿಗೆ ಕೊಡಬೇಕು.