ಚಿತ್ರದ ಅಡಿಬರಹ

ತಾಂತ್ರಿಕ ವರದಿಯೊಂದನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ವಿರಳ. ಬಹುಮಂದಿ ಸಾರಾಂಶವನ್ನು ನೋಡಿ, ನೇರವಾಗಿ ಚಿತ್ರಗಳಿಗೂ ಕೋಷ್ಟಕಗಳಿಗೂ ಹೋಗುತ್ತಾರೆ. ಮುಂದೊಂದು ದಿನ ಅದೇ ಚಿತ್ರವನ್ನು ಯಾರೋ ಎತ್ತಿಕೊಂಡು ತಮ್ಮ ವರದಿಯಲ್ಲಿ ಸೇರಿಸುತ್ತಾರೆ. ಆಗ ಚಿತ್ರದ ಸಂಗಡ ಹೋಗುವುದು ಅದರ ಅಡಿಬರಹವೊಂದೇ. ಹೀಗಿದ್ದರೂ ಅಡಿಬರಹವೆಂದರೆ ಚಿತ್ರಕ್ಕಿಡುವ ಹೆಸರು, ಅದು ಚಿಕ್ಕದಾದಷ್ಟೂ ಚೆಂದ, ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಇದನ್ನು ನಾನು ಒಪ್ಪಲಾರೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ರಾಯಚೂರಿನ ಬಳಿಯ ಶಕ್ತಿನಗರದಲ್ಲಿರುವಂತಹ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಲ್ಲಿ ಹಾರುಬೂದಿ ದೊರೆಯುತ್ತದೆ. ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಈ ಬೂದಿಯನ್ನು ಬೆರೆಸಿ ಕಾಂಕ್ರೀಟು ಮಾಡುವುದುಂಟು. ವಿದ್ಯಾರ್ಥಿಯೊಬ್ಬನು ಇಂತಹ ಕಾಂಕ್ರೀಟಿನ ಘನಗಳನ್ನು ಎರಕಹೊಯ್ದು, 3, 7 ಮತ್ತು 28ನೆಯ ದಿನಗಳಲ್ಲಿ ಯಂತ್ರದಲ್ಲಿ ಒತ್ತಿ ಒಡೆದು, ಫಲಿತಾಂಶವನ್ನು ನಕ್ಷೆಯಾಗಿ ಬರೆದನೆನ್ನಿ. ನಕ್ಷೆಯಲ್ಲಿ ಒಂದು ಅಖಂಡ ಗೆರೆ, ಒಂದು ತುಂಡುಗೆರೆ, ಚುಕ್ಕೆಗಳ ಮೇಲೂ ಕೆಳಗೂ ಚಾಚಿದ ಸಣ್ಣ ಲಂಬ ಗೆರೆಗಳು. ಅಡಿಯಲ್ಲಿ ಅವನು ಬರೆದದ್ದು ಇಷ್ಟೆ: “ಚಿತ್ರ 4. ಬಲ ಮತ್ತು ದಿನಗಳು.”

ಅಕ್ಷಗಳನ್ನು ನೋಡಿದರೆ ತಿಳಿಯುವುದನ್ನೇ ಈ ಮಾತು ಮತ್ತೊಮ್ಮೆ ಹೇಳಿತು. ತಿಳಿಯದಿರುವುದನ್ನು ಹೇಳಲಿಲ್ಲ. ಅದನ್ನು ಹೀಗೆ ಬರೆಯಬಹುದಿತ್ತು:

“ಚಿತ್ರ 4. ತೂಕದಲ್ಲಿ ಶೇಕಡಾ 30 ಸಿಮೆಂಟಿಗೆ ಬದಲಾಗಿ ಹಾರುಬೂದಿ ಬೆರೆಸಿದ ಕಾಂಕ್ರೀಟು (ತುಂಡುಗೆರೆ) ಮತ್ತು ಬರಿಯ ಸಿಮೆಂಟಿನ ಕಾಂಕ್ರೀಟು (ಅಖಂಡ ಗೆರೆ) ಒತ್ತಡವನ್ನು ತಾಳುವ ಬಲ. ಘನದ ಬದಿ 150 ಮಿಲಿಮೀಟರ್. ಘನಗಳನ್ನು ಒಡೆಯುವ ದಿನದವರೆಗೂ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ ಮುಳುಗಿಸಿಡಲಾಗಿತ್ತು. ಪ್ರತಿಯೊಂದು ಚುಕ್ಕೆಯೂ 3 ಘನಗಳ ಸರಾಸರಿ. ಲಂಬ ಗೆರೆಯ ತುದಿಗಳು ಆ ಮೂರರ ಕನಿಷ್ಠ ಮತ್ತು ಗರಿಷ್ಠ ಬೆಲೆಗಳು.”

ಉದ್ದವಾಯಿತೆಂದು ಆಕ್ಷೇಪಿಸುವವರಿದ್ದಾರೆ. ಆದರೆ ಇದರಲ್ಲಿ ಯಾವುದನ್ನು ಬಿಡುವುದು? ನೀರಿನ ಮಾತನ್ನೇ ತೆಗೆದುಕೊಳ್ಳಿ. ಹಾರುಬೂದಿಯು ಸಿಮೆಂಟಿನಂತೆ ತಾನಾಗಿ ಬೇಗ ಗಟ್ಟಿಯಾಗುವುದಿಲ್ಲ. ಸಿಮೆಂಟು ನೀರಿನೊಡನೆ ವರ್ತಿಸುವಾಗ ಬಿಡುಗಡೆಯಾಗುವ ಸುಣ್ಣದೊಡನೆ ಅದು ಮೆಲ್ಲಗೆ ವರ್ತಿಸುತ್ತದೆ. ಅದಕ್ಕೆ ತೇವ ಬೇಕು, ಕಾಲವೂ ಬೇಕು. ಆದುದರಿಂದಲೇ ಮೊದಲ ದಿನಗಳಲ್ಲಿ ತುಂಡುಗೆರೆ ಕೆಳಗಿದ್ದು, ಬರಬರುತ್ತಾ ಮೇಲಕ್ಕೇರುತ್ತದೆ. ಕಟ್ಟಡದ ತಾರಸಿ 28 ದಿನ ನೀರಿನಲ್ಲಿ ಮುಳುಗಿರುವುದಿಲ್ಲವಷ್ಟೆ. ಬೇಗನೆ ಒಣಗಲು ಬಿಟ್ಟರೆ ಆ ಕ್ರಿಯೆ ಅರ್ಧಕ್ಕೇ ನಿಂತು, ನಕ್ಷೆಯಲ್ಲಿರುವ ಬಲ ತಾರಸಿಗೆ ಬಾರದು. ಅಡಿಬರಹದಲ್ಲಿ ಆ ಒಂದು ವಾಕ್ಯವಿಲ್ಲದಿದ್ದರೆ, ನಕ್ಷೆಯನ್ನು ನಂಬಿ ಆಧಾರದ ಹಲಗೆಗಳನ್ನು ಬೇಗ ಬಿಚ್ಚಿಸುವ ಮೇಸ್ತ್ರಿಯನ್ನು ದೂರುವುದು ನ್ಯಾಯವೆ?

ಯಾವ ವಿವರವಿರಬೇಕು, ಯಾವುದು ಬೇಡ ಎಂಬುದಕ್ಕೆ ನನ್ನ ಅಳತೆಗೋಲು ಇದೇ: ಅದಿಲ್ಲದಿದ್ದರೆ ಓದುಗನು ಚಿತ್ರವನ್ನು ತಪ್ಪಾಗಿ ಬಳಸುವನೆ? ಲಂಬ ಗೆರೆಗಳ ಅರ್ಥವನ್ನು ಹೇಳದಿದ್ದರೆ ಒಬ್ಬನು ಅವನ್ನು ಕನಿಷ್ಠ-ಗರಿಷ್ಠವೆಂದು ಓದುತ್ತಾನೆ, ಇನ್ನೊಬ್ಬನು ಮತ್ತಾವುದೋ ಗಣಿತದ ಅಳತೆಯೆಂದು ಊಹಿಸುತ್ತಾನೆ. ಯಂತ್ರವನ್ನು ತಯಾರಿಸಿದವರ ಹೆಸರನ್ನು ಬಿಟ್ಟರೆ ಇಲ್ಲಿ ಹಾನಿಯಿಲ್ಲ. ಅದು ವರದಿಯ ಒಳಗಿರಲಿ.

ಈ ಎಚ್ಚರ ಹೊಸತೇನಲ್ಲ. ಕ್ರಿಮಿಯ ಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಮರಣಕಾರಣಗಳನ್ನು ತೋರಿಸಲು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಪ್ರಕಟಿಸಿದ ಪ್ರಸಿದ್ಧ ಚಿತ್ರದಲ್ಲಿ, ತಿಂಗಳಿಗೊಂದರಂತೆ ಬಣ್ಣದ ತುಂಡುಗಳು ವೃತ್ತಾಕಾರವಾಗಿ ಜೋಡಣೆಗೊಂಡಿವೆ. ಒಂದು ಬಣ್ಣವು ಇನ್ನೊಂದರ ಮೇಲೆ ಕುಳಿತಂತೆ ಕಾಣುವುದರಿಂದ, ನೋಡುವವನು ಹೊರಗೆ ಕಾಣುವ ಪಟ್ಟಿಯನ್ನಷ್ಟೇ ಅಳೆಯುವ ಸಂಭವವುಂಟು. ಆಕೆ ಚಿತ್ರದಲ್ಲಿಯೇ ಬರೆದಳು: ಪ್ರತಿ ಬಣ್ಣದ ವಿಸ್ತೀರ್ಣವನ್ನೂ ಕೇಂದ್ರದಿಂದಲೇ ಅಳೆಯಬೇಕು; ನೀಲಿ ತಡೆಯಬಹುದಾಗಿದ್ದ ರೋಗಗಳಿಂದಾದ ಸಾವು, ಕೆಂಪು ಗಾಯಗಳಿಂದ, ಕಪ್ಪು ಇತರ ಕಾರಣಗಳಿಂದ. ಎರಡು ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತು ಒಂದು ಮರೆಯಾದ ತಿಂಗಳುಗಳನ್ನೂ ಆಕೆ ಹೆಸರಿಸಿದಳು. ನಾವಾಗಿದ್ದರೆ ಅದನ್ನು “ಸೈನಿಕರ ಮರಣ” ಎಂದು ಕರೆದು ಸುಮ್ಮನಾಗುತ್ತಿದ್ದೆವೇನೋ!

ಕೋಷ್ಟಕದ ವಿಷಯದಲ್ಲಿ ಬರಹವು ಅಡಿಯಲ್ಲಲ್ಲ, ತಲೆಯ ಮೇಲಿರುವುದು ರೂಢಿ. ಕೋಷ್ಟಕವನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವಾದ್ದರಿಂದ ಅದು ಯುಕ್ತವೇ. ಅಲ್ಲಿ ಹೆಚ್ಚಾಗಿ ಮರೆತುಹೋಗುವುದು ಖಾಲಿ ಮನೆಗಳ ಅರ್ಥ. ಅಡ್ಡಗೀಟೆಂದರೆ ಘನವನ್ನು ಪರೀಕ್ಷಿಸಲಿಲ್ಲವೆಂದೋ, ಅಥವಾ ಅಚ್ಚಿನಿಂದ ತೆಗೆಯುವಾಗಲೇ ಒಡೆಯಿತೆಂದೋ? ಎರಡಕ್ಕೂ ಬಹಳ ಅಂತರವಿದೆ.

ಬರೆದಾದ ಮೇಲೆ ಚಿತ್ರವನ್ನೂ ಅಡಿಬರಹವನ್ನೂ ಬಿಟ್ಟು ಪುಟದ ಉಳಿದ ಭಾಗವನ್ನು ಮುಚ್ಚಿ, ಬೇರೊಂದು ತರಗತಿಯ ಸ್ನೇಹಿತನ ಕೈಗೆ ಕೊಡಿ. ಏನು ಕಂಡಿತೆಂದು ಅವನೇ ಹೇಳಲಿ. ನೀವು ಬಾಯಿ ತೆರೆಯಬೇಡಿ. ಅವನು ನಿಮ್ಮನ್ನು ಕೇಳುವ ಮೊದಲ ಪ್ರಶ್ನೆಯ ಉತ್ತರವೇ ಅಡಿಬರಹದಿಂದ ಬಿಟ್ಟುಹೋದ ವಾಕ್ಯ.