ಆರ್ಡರ್ ಕೊಟ್ಟೋರು ಯಾರು?

ಬುದ್ಧನನ್ನು ಊಟದ ಟೇಬಲ್ಲಿಗೆ ಕರೆಯೋ ಜನ ನಮ್ಮಲ್ಲಿ ಎರಡು ಥರ. ಒಂದು ಗುಂಪು "ಬುದ್ಧನೇ ಮಾಂಸ ತಿಂದಿದ್ದ ಗುರೂ, ನಿಂದೇನು ತಕರಾರು?" ಅಂತ ಹೇಳಿ ಲೆಗ್ ಪೀಸಿಗೆ ಕೈ ಹಾಕುತ್ತೆ. ಇನ್ನೊಂದು ಗುಂಪು "ಬುದ್ಧ ಅಹಿಂಸೆ ಹೇಳಿದ, ನೀವು ಹೆಣ ತಿಂತೀರಿ" ಅಂತ ಮೂಗು ಮುಚ್ಕೊಳ್ಳುತ್ತೆ. ಇಬ್ಬರೂ ಬುದ್ಧನನ್ನು ವಕೀಲನ ಥರ ಬಳಸ್ಕೊಳ್ತಾರೆ. ಆ ವಕೀಲ ಕೇಸಲ್ಲಿ ಏನು ಹೇಳಿದ್ದಾನೆ ಅಂತ ಮಾತ್ರ ಯಾರೂ ಓದಿರೋದಿಲ್ಲ.

ಓದೋಣ. ಪಾಲಿ ಗ್ರಂಥಗಳಲ್ಲಿ ಜೀವಕ ಸುತ್ತ ಅಂತ ಒಂದಿದೆ. ಜೀವಕ ರಾಜವೈದ್ಯ, ರಾಜಗೃಹದವನು. ಜನ ಪ್ರಾಣಿ ಕೊಂದು ನಿಮಗೆ ಬಡಿಸ್ತಾರೆ, ನೀವು ಗೊತ್ತಿದ್ದೂ ತಿಂತೀರಿ ಅಂತ ಊರಲ್ಲಿ ಮಾತಾಡ್ಕೊಳ್ತಿದ್ದಾರೆ, ಇದು ನಿಜವಾ ಅಂತ ಅವನು ಬುದ್ಧನನ್ನೇ ನೇರವಾಗಿ ಕೇಳ್ತಾನೆ. ಉತ್ತರವಾಗಿ ಬಂದದ್ದೇ ಆ ಪ್ರಸಿದ್ಧ ಮೂರು ಷರತ್ತು. ಪ್ರಾಣಿಯನ್ನು ತನಗಾಗಿ ಕೊಂದದ್ದನ್ನು ಭಿಕ್ಷು ಕಂಡಿರಬಾರದು, ಕೇಳಿರಬಾರದು, ಹಾಗಾಗಿರಬಹುದು ಎಂಬ ಅನುಮಾನವೂ ಇರಬಾರದು. ಮೂರರಲ್ಲಿ ಒಂದಿದ್ದರೂ ಆ ಮಾಂಸ ಮುಟ್ಟೋ ಹಾಗಿಲ್ಲ.

ಮೊದಲ ಗುಂಪಿನವರು ಇಷ್ಟಕ್ಕೇ ಪುಸ್ತಕ ಮುಚ್ಚಿಬಿಡ್ತಾರೆ. "ನಾನೂ ಕಂಡಿಲ್ಲ, ಕೇಳಿಲ್ಲ. ಕೋಳಿ ಸತ್ತಾಗ ನಾನು ಮೀಟಿಂಗಲ್ಲಿದ್ದೆ." ಸರಿ, ಆದರೆ ಆ ಷರತ್ತು ಯಾರಿಗೆ ಅನ್ನೋದನ್ನ ನೋಡಿ. ಅದು ಭಿಕ್ಷೆ ಎತ್ತೋನಿಗೆ. ಅವನು ಬಾಗಿಲಿಗೆ ಬರೋ ಹೊತ್ತಿಗೆ ಆ ಮನೆಯ ಅಡುಗೆ ಆಗಿಹೋಗಿದೆ. ಅವನು ಇದೇ ಬೇಕು ಅಂತ ಕೇಳೋ ಹಾಗಿಲ್ಲ, ದುಡ್ಡು ಕೊಡೋ ಹಾಗಿಲ್ಲ. ಅವನು ಬಂದರೂ ಬರದಿದ್ದರೂ ಮಡಕೆಯೊಳಗಿನ ಲೆಕ್ಕ ಬದಲಾಗಲ್ಲ. ಅವನ ಹೆಸರಲ್ಲಿ ಕೊಂದಾಗ ಮಾತ್ರ ಬದಲಾಗುತ್ತೆ, ಆಗ ನಿಯಮ ಅಡ್ಡ ಬರುತ್ತೆ. ಭಿಕ್ಷಾಪಾತ್ರೆಯ ನಿಯಮವನ್ನು ಡೆಲಿವರಿ ಆ್ಯಪಿಗೆ ಅಂಟಿಸೋದು, ಅತಿಥಿಯ ರಿಯಾಯಿತಿಯನ್ನು ಯಜಮಾನ ಜೇಬಿಗೆ ಹಾಕ್ಕೊಂಡ ಹಾಗೆ.

ಹಾಗಾದ್ರೆ ಯಜಮಾನನಿಗೆ, ಅಂದ್ರೆ ನಮ್ಮಂಥ ಸಂಸಾರಸ್ಥರಿಗೆ ಏನು ಹೇಳಿದೆ? ಅದೇ ಸುತ್ತದ ಕೊನೆಯಲ್ಲಿದೆ, ಯಾರೂ ಅಲ್ಲಿವರೆಗೂ ಹೋಗಲ್ಲ. ಬುದ್ಧನಿಗೋ ಅವನ ಶಿಷ್ಯರಿಗೋ ಬಡಿಸೋಕೆ ಅಂತ ಪ್ರಾಣಿ ಕೊಲ್ಲಿಸೋ ಗೃಹಸ್ಥ ಐದು ಹಂತದಲ್ಲಿ ಪಾಪ ಕಟ್ಕೊಳ್ತಾನೆ. ಇಂಥ ಪ್ರಾಣಿ ತಗೊಂಡು ಬನ್ನಿ ಅಂತ ಹೇಳಿದ್ದು ಮೊದಲನೆಯದು. ಕುತ್ತಿಗೆಗೆ ಹಗ್ಗ ಬಿದ್ದು ಎಳೆಸಿಕೊಂಡು ಬರುವಾಗ ಅದು ಪಡೋ ಸಂಕಟ ಎರಡನೆಯದು. ಕೊಲ್ಲಿ ಅಂದದ್ದು ಮೂರು, ಸಾಯುವಾಗಿನ ನೋವು ನಾಲ್ಕು, ಬಡಿಸಬಾರದ್ದನ್ನು ಬಡಿಸಿದ್ದು ಐದು. ಗಮನಿಸಿ, ಮೊದಲನೆಯದರಲ್ಲೂ ಮೂರನೆಯದರಲ್ಲೂ ಕತ್ತಿಯೇ ಇಲ್ಲ. ಇರೋದು ಬರೀ ಮಾತು. ಕತ್ತಿ ಹಿಡಿದವನ ಲೆಕ್ಕ ಶುರುವಾಗೋದಕ್ಕೆ ಮುಂಚೇನೇ ಹೇಳಿದವನ ಲೆಕ್ಕ ಶುರುವಾಗಿರುತ್ತೆ. ಈ ಹೇಳೋದಕ್ಕೆ ನಾವಿವತ್ತು ಆರ್ಡರ್ ಅಂತೀವಿ.

ಇದಕ್ಕೊಂದು ಗಟ್ಟಿ ಆಕ್ಷೇಪ ಇದೆ, ಅದನ್ನ ಮುಚ್ಚಿಡಬಾರದು. ವೈಶಾಲಿಯ ಸೇನಾಪತಿ ಸಿಂಹ ಬುದ್ಧನನ್ನು ಊಟಕ್ಕೆ ಕರೆದಾಗ, ಈಗಾಗಲೇ ಸಿಗೋ ಮಾಂಸ ಇದೆಯಾ ನೋಡ್ಕೊಂಡು ಬಾ ಅಂತ ಆಳನ್ನು ಕಳಿಸ್ತಾನೆ. ಊರಲ್ಲಿ ಗುಲ್ಲೆದ್ದರೂ ವಿನಯಪಿಟಕ ಅವನನ್ನು ತಪ್ಪಿತಸ್ಥ ಅನ್ನಲ್ಲ. ಹಾಗಾದ್ರೆ ಫ್ರೀಜರಲ್ಲಿರೋ ಪ್ಯಾಕೆಟ್ಟೂ ಈಗಾಗಲೇ ಸಿಗೋ ಮಾಂಸ ತಾನೇ?

ಅಕ್ಷರಕ್ಕೆ ಹೌದು. ಆದರೆ ಆ ಫ್ರೀಜರ್ ತುಂಬೋದು ಹೇಗೆ? ಈ ವಾರ ಎಷ್ಟು ಬಿಕರಿಯಾಯ್ತು ಅಂತ ನೋಡಿ ಮುಂದಿನ ವಾರ ಎಷ್ಟು ಬೇಕು ಅಂತ ಹೇಳ್ತಾರೆ. ನಿಮ್ಮೊಬ್ಬರ ಪ್ಯಾಕೆಟ್ಟಿಂದ ಇನ್ನೊಂದು ಕೋಳಿ ಸಾಯದೇ ಇರಬಹುದು. ಆದರೆ ಯಾವುದೋ ಒಂದು ಪ್ಯಾಕೆಟ್ಟಿಗೆ ಇನ್ನೊಂದು ಪೆಟ್ಟಿಗೆಯ ಆರ್ಡರ್ ಹೋಗುತ್ತೆ. ಅದು ನಿಮ್ಮದಲ್ಲ ಅಂತ ನಿಮಗೆ ಗೊತ್ತಿಲ್ಲ. ಮೂರನೇ ಷರತ್ತು ನೆನಪಿದೆಯಲ್ಲ? ಅನುಮಾನ. ಇನ್ನು ಬೀದಿ ಕೋಳಿ ಅಂಗಡಿಯಲ್ಲಿ, ಬಲೆಯೊಳಗಿನ ಕೋಳಿ ತೋರಿಸಿ "ಅದು ಕೊಡಿ, ಸ್ಕಿನ್‌ಔಟ್ ಮಾಡಿ" ಅಂದವರಿಗೆ ಅನುಮಾನದ ಅನುಕೂಲವೂ ಇಲ್ಲ. ಕಂಡಾಯ್ತು, ಕೇಳಾಯ್ತು.

ಒಂದು ಲೆಕ್ಕ ಮಾಡಿ. ಶುಕ್ರವಾರ ಟೀಮ್ ಲಂಚ್, 20 ಪ್ಲೇಟ್ ಚಿಕನ್ ಬಿರಿಯಾನಿ. ಪ್ಲೇಟಿಗೆ ಮೂಳೆ ಸಮೇತ 200 ಗ್ರಾಂ ಅಂದ್ರೆ 4 ಕಿಲೋ. 2 ಕಿಲೋ ತೂಗೋ ಫಾರಂ ಕೋಳಿಯಲ್ಲಿ ಚರ್ಮ, ಪುಕ್ಕ, ಕರುಳು ತೆಗೆದ್ಮೇಲೆ ಸುಮಾರು 1.3 ಕಿಲೋ ಸಿಗುತ್ತೆ. ಅಂದ್ರೆ 3 ಕೋಳಿ, ಒಂದೊಂದಕ್ಕೂ ಸುಮಾರು 40 ದಿನ ವಯಸ್ಸು. ಅದೇ ಊಟ ಮಟನ್ನಲ್ಲಾದ್ರೆ, 12 ಕಿಲೋ ಮಾಂಸ ಕೊಡೋ ಮೇಕೆಯ ಮೂರನೇ ಒಂದು ಭಾಗ ಸಾಕು. ಬಾರ್ಲಿ ಬಿಟ್ಟರೆ ಹೆಚ್ಚೇನೂ ಬೆಳೆಯದ ನಾಡಿನ ಟಿಬೆಟನ್ನರು ಸಣ್ಣ ಪ್ರಾಣಿಗಳಿಗಿಂತ ಯಾಕನ್ನು ತಿನ್ನೋದು ಮೇಲು ಅಂದ್ಕೊಂಡಿದ್ದು ಇದೇ ಲೆಕ್ಕದಿಂದ: ಒಂದು ಸಾವಿಗೆ ಹೆಚ್ಚು ಹೊಟ್ಟೆ. ನಾವು "ರೆಡ್ ಮೀಟ್ ಬಿಟ್ಟೆ, ಬರೀ ಚಿಕನ್" ಅಂತ ಬೀಗುವಾಗ ಹೃದಯಕ್ಕೆ ಒಳ್ಳೇದಾಗಬಹುದು, ಸಾವಿನ ಲೆಕ್ಕ ಏರುತ್ತೆ. ಮತ್ತೆ ಆ ಟಿಬೆಟನ್ನರ ಅನಿವಾರ್ಯವೂ ನಮಗಿಲ್ಲ. ಬೇಳೆ, ಕಾಳು, ಸೊಪ್ಪು ಎಲ್ಲ ಮನೆ ಬಾಗಿಲಿಗೇ ಬರುತ್ತೆ.

ಇಲ್ಲಿವರೆಗೆ ತಲೆಯಾಡಿಸ್ತಾ ಬಂದ ಎರಡನೇ ಗುಂಪಿನವರೇ, ಈಗ ನಿಮ್ಮ ಸರದಿ. ಸಂಘದಲ್ಲಿ ಮೀನು ಮಾಂಸ ಪೂರ್ತಿ ನಿಷೇಧ ಆಗ್ಬೇಕು ಅಂತ ಹಠ ಹಿಡಿದವನೊಬ್ಬನಿದ್ದ. ಅವನ ಹೆಸರು ದೇವದತ್ತ. ಐದು ಬೇಡಿಕೆ ಇಟ್ಟ, ಅದರಲ್ಲಿ ಇದೂ ಒಂದು. ಬುದ್ಧ ಒಪ್ಪಲಿಲ್ಲ. ಸಂಘ ಒಡೆಯೋಕೆ ದೇವದತ್ತ ಹೂಡಿದ ಅಸ್ತ್ರ ಅದು. ನಾನು ನಿಮಗಿಂತ ಶುದ್ಧ ಅನ್ನೋದೇ ಅದರ ಮೊನೆ. ಆಮಗಂಧ ಸುತ್ತ ಇನ್ನೂ ನೇರ. ನಾರೋದು ಮಾಂಸದೂಟ ಅಲ್ಲ, ಕ್ರೌರ್ಯ, ಸುಳ್ಳು, ವಂಚನೆ, ಗರ್ವ ಅಂತ ಅದರ ತಿರುಳು.

"ಸಸ್ಯಾಹಾರಿಗಳಿಗೆ ಮಾತ್ರ" ಅಂತ ಬಾಡಿಗೆ ಬೋರ್ಡ್ ಹಾಕೋದು, ಶಾಲೆ ಮಗುವಿನ ತಟ್ಟೆಯಲ್ಲಿನ ಮೊಟ್ಟೆ ಕಿತ್ಕೊಳ್ಳೋದು, ಇದ್ಯಾವುದರಲ್ಲೂ ಒಂದು ಕೋಳಿಯ ಮೇಲಿನ ಕರುಣೆಯೂ ಕಾಣಲ್ಲ. ಅಲ್ಲಿರೋದು ಮಡಿ, ಅದರ ಹಿಂದಿರೋದು ಜಾತಿ. ಕರುಣೆಯೇ ಮುಖ್ಯ ಅಂದ್ರೆ ಅದೇ ಅಳತೆಗೋಲು ನಿಮ್ಮ ಹಾಲಿನ ಲೋಟಕ್ಕೂ ಬರುತ್ತೆ. ಆ ಹಸು ಹಾಕಿದ ಗಂಡುಕರು ಎಲ್ಲಿ ಹೋಯ್ತು ಅಂತ ಯಾವತ್ತಾದ್ರೂ ಕೇಳಿದೀರಾ?

ನನ್ನ ಮಟ್ಟಿಗೆ ಈ ವಿಷಯದಲ್ಲಿ ಮಾದರಿ ಸಂತರಲ್ಲ, ಅಶೋಕ. ಅವನ ಮೊದಲನೇ ಬಂಡೆಶಾಸನ ಉಪದೇಶಕ್ಕಷ್ಟೇ ನಿಲ್ಲಲ್ಲ, ತನ್ನ ಅಡುಗೆಮನೆಯ ಲೆಕ್ಕವನ್ನೂ ಊರಿಗೆಲ್ಲ ಒಪ್ಪಿಸುತ್ತೆ. ಮೊದಲು ದಿನಾ ಲಕ್ಷಾಂತರ ಪ್ರಾಣಿ ಸಾಯ್ತಿದ್ವು, ಈಗ ಮೂರು: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ದಿನಾ ಅಲ್ಲ. ಮುಂದೆ ಈ ಮೂರೂ ಇರಲ್ಲ. ಚಕ್ರವರ್ತಿ ಕಲ್ಲಿನ ಮೇಲೆ "ಇನ್ನೂ ಮೂರು ಬಾಕಿ" ಅಂತ ಬರೆಸ್ತಾನೆ. ಬಾಕಿ ಎಷ್ಟು ಅಂತ ಗೊತ್ತಿರೋನು ಮಾತ್ರ ಕಡಿಮೆ ಮಾಡಬಲ್ಲ.

ಹಾಗಾಗಿ ಮುಂದಿನ ಶುಕ್ರವಾರ ಆ್ಯಪ್ ತೆರೆದಾಗ ಬುದ್ಧ ಏನು ತಿಂದ ಅಂತ ಹುಡುಕಬೇಡಿ. ಅವನು ಕೇಳಿ ತರಿಸ್ಕೊಂಡೋನಲ್ಲ. ನೀವು ತರಿಸ್ಕೊಳ್ತಿದೀರಿ. ಎಷ್ಟು, ಅಂತ ಎಣಿಸಿ.