ಅಗ್ರಲೇಖನದ ಅಪರಿಚಿತ ಪದಗಳು



ಪದವಿ ಮುಗಿಸಿ ನೌಕರಿಯ ಪರೀಕ್ಷೆಗೆ ಸಿದ್ಧಳಾಗುತ್ತಿರುವ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಒಂದು ದಿನ ಪತ್ರಿಕೆ ಹಿಡಿದು ಬಂದಳು. “ಅಜ್ಜಾರ, ಸುದ್ದಿ ಓದಿದ್ರ ತಿಳೀತದ, ಈ ಅಗ್ರಲೇಖನ ಮಾತ್ರ ತಿಳಿಯಂಗಿಲ್ಲ. ಒಂದೊಂದು ಶಬ್ದಕ್ಕೂ ನಿಘಂಟು ತಗೀಬೇಕು, ತಗೀಯೂದ್ರೊಳಗ ಹಿಂದಿಂದು ಮರತ ಹೋಗತದ” ಎಂದಳು. ಅವಳ ದಣಿವಿಗೆ ಕಾರಣ ಬುದ್ಧಿಯ ಕೊರತೆಯಲ್ಲ, ಓದಿನ ಕ್ರಮ.

ಸುದ್ದಿಯು ನಡೆದುದನ್ನು ಹೇಳುತ್ತದೆ. ಸಂಪಾದಕೀಯವೆಂದು ಕರೆಯುವ ಅಗ್ರಲೇಖನವು ನಡೆದುದನ್ನು ತೂಗಿ ನೋಡಿ ಒಂದು ನಿಲುವನ್ನು ತಾಳುತ್ತದೆ. ಆದುದರಿಂದ ಮೊದಲ ಓದಿನಲ್ಲಿ ಎಲ್ಲಿಯೂ ನಿಲ್ಲಬಾರದು. ಅರಿಯದ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ಕೊನೆಯವರೆಗೆ ಸಾಗಬೇಕು. ಬಳಿಕ ಪತ್ರಿಕೆಯನ್ನು ಮಡಿಚಿ, ನಡೆದದ್ದೇನು, ಪತ್ರಿಕೆಯ ಅಭಿಪ್ರಾಯವೇನು ಎಂಬುದನ್ನು ಒಂದೊಂದು ವಾಕ್ಯದಲ್ಲಿ ಬರೆಯಬೇಕು. ಅಷ್ಟೂ ಸಾಧ್ಯವಾಗದಿದ್ದರೆ ಆ ಲೇಖನವು ಸದ್ಯಕ್ಕೆ ಭಾರವಾಯಿತೆಂದು ತಿಳಿದು, ಮಳೆ, ಬೆಳೆ, ಶಾಲೆ ಮೊದಲಾದ ಪರಿಚಿತ ವಿಷಯದ ಬೇರೊಂದನ್ನು ಆರಿಸಿಕೊಳ್ಳುವುದು ಲೇಸು.

ಗೆರೆ ಎಳೆದ ಪದಗಳೆಲ್ಲ ಸಮಾನವಲ್ಲ. ಯಾವ ಪದವನ್ನು ಬಿಟ್ಟರೆ ವಾಕ್ಯದ ವಾದವೇ ಕಾಣದೆ ಹೋಗುವುದೋ ಅಂಥ ನಾಲ್ಕೈದನ್ನು ಮಾತ್ರ ಅಂದು ಎತ್ತಿಕೊಳ್ಳಬೇಕು. ಉಳಿದವು ಮತ್ತೊಂದು ದಿನ ಎದುರಾಗುತ್ತವೆ.

ಉದಾಹರಣೆಗೆ ಒಂದು ವಾಕ್ಯವನ್ನು ಕಟ್ಟಿಕೊಳ್ಳೋಣ: “ಅಧಿವೇಶನ ಸಮೀಪಿಸಿರುವಾಗ ಸುಗ್ರೀವಾಜ್ಞೆಯ ಮೊರೆಹೋಗುವುದು ಸಂಸದೀಯ ಪರಂಪರೆಗೆ ಎಸಗುವ ಅಪಚಾರ, ಆಡಳಿತಾರೂಢರು ಈ ನಿರ್ಧಾರವನ್ನು ಪುನರವಲೋಕಿಸಬೇಕು.”

ಇಲ್ಲಿ ಮೊದಲು ಪದವನ್ನು ಬಿಡಿಸಬೇಕು. ‘ಆಡಳಿತಾರೂಢ’ ಎಂದರೆ ಆಡಳಿತ ಮತ್ತು ಆರೂಢ. ಆರೂಢವೆಂದರೆ ಏರಿದ, ನೆಲೆನಿಂತ ಎಂದರ್ಥ. ಹುಬ್ಬಳ್ಳಿಯ ಸಿದ್ಧಾರೂಢರ ಹೆಸರಿನಲ್ಲಿ ನಾವು ನಿತ್ಯ ಕೇಳುವ ಪದವೇ ಇದು. ‘ಪುನರವಲೋಕನ’ವನ್ನು ಪುನಃ, ಅವಲೋಕನ ಎಂದು ಬಿಡಿಸಿದರೆ ಮರಳಿ ನೋಡುವುದೆಂದು ತಾನೇ ಹೊಳೆಯುತ್ತದೆ. ‘ಅಪಚಾರ’ದಲ್ಲಿ ‘ಅಪ’ ಎಂಬ ಉಪಸರ್ಗವಿದೆ. ಅಪಕೀರ್ತಿ, ಅಪಮಾನಗಳನ್ನು ನೆನೆದರೆ ಕೆಟ್ಟದ್ದೆಂಬ ಸೂಚನೆ ದೊರೆಯುತ್ತದೆ. ನಮ್ಮ ಹುಡುಗಿಯು ಅಂಥದೇ ಒಂದು ವಾಕ್ಯದಲ್ಲಿ ಅದನ್ನು ‘ಉಪಚಾರ’ವೆಂದು ಓದಿಕೊಂಡು, ಪತ್ರಿಕೆಯು ಸರಕಾರವನ್ನು ಹೊಗಳಿದೆಯೆಂದು ಬರೆದಿದ್ದಳು. ಒಂದು ಅಕ್ಷರದಿಂದ ನಿಲುವೇ ತಲೆಕೆಳಗಾಯಿತು.

ಹಾಗಾಗದಂತೆ ಕಾಯುವ ಉಪಾಯವೆಂದರೆ, ಊಹಿಸಿದ ಅರ್ಥವನ್ನು ಪದದ ಸ್ಥಾನದಲ್ಲಿ ಇಟ್ಟು ಮುಂದಿನ ವಾಕ್ಯದೊಡನೆ ಕೂಡಿಸಿ ಓದುವುದು. ‘ಪರಂಪರೆಗೆ ಮಾಡಿದ ಸತ್ಕಾರ’ ಎಂದಾದರೆ, ನಿರ್ಧಾರವನ್ನು ಮರಳಿ ನೋಡಿರೆಂದು ಏಕೆ ಹೇಳಬೇಕು? ಹೊಂದಿಕೆ ತಪ್ಪಿದಲ್ಲಿ ಊಹೆಯೂ ತಪ್ಪಿದೆ.

ಆದರೆ ಬಿಡಿಸುವ ವಿಧಾನಕ್ಕೂ ಮಿತಿಯಿದೆ. ‘ಸುಗ್ರೀವಾಜ್ಞೆ’ಯನ್ನು ಬಿಡಿಸಿದರೆ ಸುಗ್ರೀವನ ಆಜ್ಞೆ ಎಂದಾಗುವುದು. ಸೀತೆಯನ್ನು ಹುಡುಕಲು ವಾನರರಿಗೆ ಒಂದು ತಿಂಗಳ ಗಡುವಿತ್ತು ಸುಗ್ರೀವನು ವಿಧಿಸಿದ ಕಠಿಣ ಅಪ್ಪಣೆಯಿಂದ ‘ಮೀರಲಾಗದ ಆಜ್ಞೆ’ ಎಂಬ ರೂಢಿಯ ಅರ್ಥ ಬಂದಿತು. ಪತ್ರಿಕೆಯಲ್ಲಿಯಾದರೋ ಅದು ರಾಜ್ಯಾಂಗದ ಪಾರಿಭಾಷಿಕ ಪದ. ಶಾಸನಸಭೆಯು ಸೇರಿರದ ವೇಳೆ ರಾಜ್ಯಪಾಲರು ಸಂವಿಧಾನದ 213ನೆಯ ವಿಧಿಯಂತೆ ಹೊರಡಿಸುವ ತಾತ್ಕಾಲಿಕ ಕಾನೂನು ಅದು. ‘ಅಧ್ಯಾದೇಶ’ವೆಂದರೂ ಅದೇ. ಸಭೆ ಮತ್ತೆ ಸೇರಿ ಒಪ್ಪದಿದ್ದರೆ 6 ವಾರಗಳಲ್ಲಿ ಬಿದ್ದುಹೋಗುತ್ತದೆ. ಇದನ್ನರಿತಾಗಲೇ ‘ಅಧಿವೇಶನ ಸಮೀಪಿಸಿರುವಾಗ’ ಎಂಬ ಮಾತಿನ ಮೊನೆ ತಿಳಿಯುವುದು: ಸಭೆ ಸೇರುವುದರಲ್ಲಿದ್ದರೂ ಅದನ್ನು ಬಳಸಿಕೊಂಡು ಹೋದರೆಂಬುದೇ ಆಕ್ಷೇಪ. ಇಂಥ ಪದಗಳಿಗೆ ಊಹೆ ಸಾಲದು, ಕೇಳಿ ತಿಳಿಯಬೇಕು.

ನಿಘಂಟನ್ನು ತೆರೆಯುವುದು ಊಹೆಯನ್ನು ಬರೆದಿಟ್ಟ ಮೇಲೆಯೇ. ಪ್ರೊ. ಜಿ. ವೆಂಕಟಸುಬ್ಬಯ್ಯನವರ ನೇತೃತ್ವದಲ್ಲಿ ಸಿದ್ಧವಾದ ಸಾಹಿತ್ಯ ಪರಿಷತ್ತಿನ ನಿಘಂಟಿಗೆ 8 ಸಂಪುಟಗಳಿವೆ. ಮನೆಗೆ ಸಂಕ್ಷಿಪ್ತ ನಿಘಂಟು ಸಾಕು. ಅಲ್ಲಿ ಹಲವು ಅರ್ಥಗಳಿದ್ದರೆ ಮೊದಲನೆಯದನ್ನೇ ಹಿಡಿಯದೆ, ವಾಕ್ಯಕ್ಕೆ ಹೊಂದುವುದನ್ನು ಆರಿಸಬೇಕು. ವಹಿಯಲ್ಲಿ ಪದ, ಅದು ಬಂದ ವಾಕ್ಯ, ತನ್ನ ಊಹೆ, ಸರಿಯಾದ ಅರ್ಥ ಇವನ್ನು ಬರೆದು, ಮೂರು ದಿನಗಳ ತರುವಾಯ ಅರ್ಥವನ್ನು ಕೈಯಿಂದ ಮುಚ್ಚಿ ಪರೀಕ್ಷಿಸಿಕೊಳ್ಳಬೇಕು.

ಆ ಮಗಳು ಈಗ ವಾರಕ್ಕೆ ಮೂರೇ ಅಗ್ರಲೇಖನಗಳನ್ನು ಓದುತ್ತಾಳೆ. ಮೊನ್ನೆ ವಹಿ ತೋರಿಸಿದಳು. ತಪ್ಪಿದ ಊಹೆಗಳನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡಿದ್ದಳು. “ತಪ್ಪಿದ್ದ ಶಬ್ದನ ಮರೆಯಂಗಿಲ್ಲ ಅಜ್ಜಾರ” ಎಂದಳು. ನಿಜ.